ಮೊದಲು ವಾಚ್‌ಮನ್‌ನನ್ನು ಕೇಳಿ, ಆಮೇಲೆ ಲ್ಯಾಪ್‌ಟಾಪ್ ತೆರೆಯಿರಿ

ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿಯ ನಮ್ಮ ಮನೆಗಳ ಮಕ್ಕಳೇ,

ಗಣಪತಿ ಹಬ್ಬದ ಹಿಂದುಮುಂದು ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ‘ಇಂಟರ್ನಲ್ ಹ್ಯಾಕಥಾನ್’ ಎಂಬ ಕಾಗದ ಅಂಟಿಸುತ್ತಾರೆ. ನೀವು ಅದರ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೀರಿ. ನಾಲ್ಕು ಜನ ಹೆಬ್ಬೆರಳು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಈ ಸಲ ಹಾಗಾಗಬಾರದು ಎಂದೇ ಈ ನಾಲ್ಕು ಮಾತು. ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಮೀಟರು, ಸೆನ್ಸರುಗಳ ನಡುವೆ ತಲೆ ನರೆಸಿಕೊಂಡವನು ನಾನು. ನಿವೃತ್ತಿಯಾದ ಮೇಲೆ ಕಾಲೇಜಿನವರು ಕರೆದಾಗ ಹೋಗಿ ಹುಡುಗರ ಜೊತೆ ರಾತ್ರಿ ಕೂತಿದ್ದೇನೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಆ ನೋಟಿಸು ಬಹುಪಾಲು ಸ್ಮಾರ್ಟ್ ಇಂಡಿಯಾ ಹ್ಯಾಕಥಾನಿನದು. ಕೇಂದ್ರ ಶಿಕ್ಷಣ ಇಲಾಖೆ ಮತ್ತು ಎಐಸಿಟಿಇ 2017ರಿಂದ ನಡೆಸಿಕೊಂಡು ಬಂದಿರುವ ಸ್ಪರ್ಧೆ ಅದು. ಸರ್ಕಾರದ ಇಲಾಖೆಗಳೂ ಕಂಪನಿಗಳೂ ತಮ್ಮ ಸಮಸ್ಯೆಗಳನ್ನು ಮುಂದಿಡುತ್ತವೆ, ನೀವು ಒಂದನ್ನು ಆರಿಸಿಕೊಳ್ಳಬೇಕು. ನಿಮ್ಮದೇ ವಿಚಾರ ಇದ್ದರೆ ‘ಸ್ಟೂಡೆಂಟ್ ಇನ್ನೋವೇಶನ್’ ಎಂಬ ವಿಭಾಗವೂ ಇದೆ. ತಂಡಕ್ಕೆ ಆರು ಜನ, ಎಲ್ಲರೂ ಒಂದೇ ಕಾಲೇಜಿನವರು, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ಬ್ರಾಂಚು ಬೇರೆ ಬೇರೆ ಇರಬಹುದು, ಇದ್ದರೆ ಇನ್ನೂ ಒಳ್ಳೆಯದು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಇದಕ್ಕೆ ನೀವೇ ನೇರವಾಗಿ ಹೆಸರು ಕೊಡಲು ಆಗುವುದಿಲ್ಲ. ಕಾಲೇಜು ತನ್ನೊಳಗೆ ಒಂದು ಸುತ್ತು ನಡೆಸಿ ತಂಡಗಳನ್ನು ಆರಿಸುತ್ತದೆ. ಅದಕ್ಕೆಂದೇ ನೇಮಿಸಿದ ಒಬ್ಬ ಅಧ್ಯಾಪಕರು, ‘ಸ್ಪಾಕ್’ ಎನ್ನುತ್ತಾರೆ, ಆ ಹೆಸರುಗಳನ್ನು ಕಳಿಸುತ್ತಾರೆ. ಆ ಮೇಷ್ಟ್ರು ಯಾರೆಂದು ತಿಳಿಯದೆ ದಿನ ಕಳೆದ ಹುಡುಗರನ್ನು ನಾನು ಕಂಡಿದ್ದೇನೆ. ಅವರು ಸೋತದ್ದು ಸ್ಪರ್ಧೆಯಲ್ಲಲ್ಲ, ಸ್ಟಾಫ್‌ರೂಮಿನ ಬಾಗಿಲಲ್ಲಿ.

ಈಗ ಕಣ್ಣಾರೆ ಕಂಡ ಒಂದು ಕಥೆ. ನವಿಮುಂಬಯಿಯ ಒಂದು ಕಾಲೇಜಿನ ಒಳಸುತ್ತು, ಇಪ್ಪತ್ನಾಲ್ಕು ಗಂಟೆಯದು. ಎರಡನೇ ವರ್ಷದ ಆರು ಮಕ್ಕಳು. ಅವರಲ್ಲಿ ಇಬ್ಬರು ದಿನಾ ಡೊಂಬಿವಲಿಯಿಂದ ಥಾಣೆಗೆ ಬಂದು, ಅಲ್ಲಿ ವಾಶಿ ಗಾಡಿ ಹಿಡಿಯುವವರು. ಬೆಳಿಗ್ಗೆ ಒಂಬತ್ತಕ್ಕೆ ಬರುವಾಗ ಅವರ ಕೈಯಲ್ಲಿದ್ದದ್ದು ‘ಇಡೀ ನಗರದ ನೀರು ನಿರ್ವಹಣೆ’ ಎಂಬ ತಲೆಬರಹ, ಚಂದದ ಮೂರು ಸ್ಲೈಡು. ನಾನು ಕೇಳಿದೆ: “ನಿಮ್ಮ ಬಿಲ್ಡಿಂಗಿನಲ್ಲಿ ನೀರು ಮುಗಿದದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ?” ಒಬ್ಬಳು ಹೇಳಿದಳು: “ನಮ್ಮಮ್ಮನಿಗೆ ಅಂಕಲ್, ನಲ್ಲಿ ತಿರುಗಿಸಿದಾಗ.” ಎಲ್ಲರೂ ನಕ್ಕರು. ಸಮಸ್ಯೆ ಸಿಕ್ಕಿದ್ದು ಅಲ್ಲೇ.

ಆ ಹುಡುಗಿ ತನ್ನ ಸೊಸೈಟಿಯ ವಾಚ್‌ಮನ್‌ಗೆ ಫೋನ್ ಮಾಡಿದಳು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ವಾಚ್‌ಮನ್ ಜೊತೆ ಹಿಂದಿ, ಸ್ಲೈಡಿನಲ್ಲಿ ಇಂಗ್ಲಿಷು. ನೀವು ಲೆಕ್ಕಕ್ಕೇ ಹಿಡಿಯದ ಈ ಬಂಡವಾಳ ಅವತ್ತು ಕೆಲಸಕ್ಕೆ ಬಂತು. ಹತ್ತು ನಿಮಿಷದಲ್ಲಿ ಬೇಕಾದದ್ದೆಲ್ಲ ಸಿಕ್ಕಿತು. ನೆಲದಡಿಯ ಟ್ಯಾಂಕು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ದಿನಕ್ಕೆರಡು ಸಲ ಮುಚ್ಚಳ ಎತ್ತಿ ಟಾರ್ಚು ಬಿಟ್ಟು ನೋಡುತ್ತಾನೆ. ಟ್ಯಾಂಕರಿಗೆ ಫೋನ್ ಮಾಡಿದರೆ ಬರಲು ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಗಿನ ಹೊತ್ತು ಆ ನಾಲ್ಕು ಗಂಟೆಯಲ್ಲಿ ಸುಮಾರು 8,000 ಲೀಟರ್ ಖರ್ಚಾಗುತ್ತದೆ. ಆ್ಯಪ್ ಮಾಡಿಕೊಟ್ಟರೆ ನೋಡುತ್ತೀಯಾ ಎಂದದ್ದಕ್ಕೆ ಅವನು ಹೇಳಿದ: “ಬೇಡ ಬೇಟಿ, ಕ್ಯಾಬಿನ್ನಿನಲ್ಲಿ ಒಂದು ಕೆಂಪು ದೀಪ ಹತ್ತಿದರೆ ಸಾಕು.”

ಇಲ್ಲಿಂದ ಮುಂದಿನದು ಲೆಕ್ಕ. ಟ್ಯಾಂಕಿನ ತಳ ಹನ್ನೆರಡು ಚದರ ಮೀಟರ್. ಹಾಗಾದರೆ ನೀರು ಒಂದು ಸೆಂಟಿಮೀಟರ್ ಇಳಿದರೆ 120 ಲೀಟರ್ ಹೋಯಿತು. 8,000 ಲೀಟರ್ ಎಂದರೆ ಸುಮಾರು 67 ಸೆಂಟಿಮೀಟರ್ ನೀರು. ಅಷ್ಟು ನೀರು ಉಳಿದಿರುವಾಗಲೇ ಟ್ಯಾಂಕರಿಗೆ ಹೇಳಬೇಕು, ಸ್ವಲ್ಪ ಮುಂಚೆ ಹೇಳಿದರೆ ಕ್ಷೇಮ. 75 ಸೆಂಟಿಮೀಟರಿಗೆ ದೀಪ ಹತ್ತಲಿ ಎಂದು ಮಕ್ಕಳು ತೀರ್ಮಾನಿಸಿದರು. ‘ಇಡೀ ನಗರ’ ಹೋಗಿ ಒಂದು ಟ್ಯಾಂಕು, ಒಂದು ದೀಪ, ಒಂದು ಅಂಕಿ ಉಳಿಯಿತು. ಗಂಟೆ ಆಗ ಹನ್ನೊಂದೂವರೆ.

ನೀರಿನ ಮಟ್ಟ ಅಳೆಯಲು ಅವರು ತಂದದ್ದು ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರು. ಮೇಲಿಂದ ಶಬ್ದದ ತರಂಗ ಬಿಡುತ್ತದೆ, ನೀರಿಗೆ ಬಡಿದು ಅದು ವಾಪಸು ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತದೆ. ಹೋಗಿ ಬಂದ ದಾರಿ ಆದ್ದರಿಂದ ಅರ್ಧ ಮಾಡಬೇಕು:

```
distance_cm = time_us * 0.0343 / 2
```

ಸಂಜೆ ಐದರ ಹೊತ್ತಿಗೆ ಎತ್ತರದ ಡ್ರಮ್ಮಿಗೆ ನೀರು ತುಂಬಿ ಅಳೆಯತೊಡಗಿದರು. ನೀರು ಏರಿದಂತೆ ಅಂಕಿ ಸರಿಯಾಗಿ ಇಳಿಯಿತು: ಐವತ್ತು, ನಲವತ್ತು, ಮೂವತ್ತು, ಇಪ್ಪತ್ತೈದು. ಇನ್ನೊಂದು ಬಕೆಟ್ ಹಾಕಿದ್ದೇ ತಡ, ಅಂಕಿ ಒಮ್ಮೆಲೇ ಅರವತ್ತಕ್ಕೆ ಹಾರಿತು! ಡ್ರಮ್ಮು ತುಂಬಿದೆ, ಯಂತ್ರ ಖಾಲಿ ಎನ್ನುತ್ತಿದೆ. ಇಬ್ಬರು ಕೋಡನ್ನು ಬೈದರು, ಒಬ್ಬ ವೈರನ್ನು ಅಲುಗಿಸಿದ. ಎರಡು ಗಂಟೆ ಹೋಯಿತು.

ನಾನು ಬಾಯಿ ಬಿಡಲಿಲ್ಲ, ಬಿಡಬಾರದು ಕೂಡ. ಕೊನೆಗೆ ಒಬ್ಬ ಹುಡುಗ ಸ್ಕೇಲು ಹಿಡಿದು ಪ್ರತಿ ಲೋಟಕ್ಕೂ ನಿಜವಾದ ಅಂತರ, ಯಂತ್ರ ಹೇಳಿದ ಅಂತರ, ಎರಡನ್ನೂ ಬರೆಯತೊಡಗಿದ. ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರಿನ ಒಳಗೆ ಮಾತ್ರ ಸುಳ್ಳು, ಅದರಾಚೆ ಎಲ್ಲ ಸರಿ. ಆ ಬಗೆಯ ಸೆನ್ಸರಿಗೆ ಕಣ್ಣಿಗೆ ತೀರಾ ಹತ್ತಿರದ್ದು ಕಾಣುವುದಿಲ್ಲ. ತಾನೇ ಹೊರಡಿಸಿದ ಶಬ್ದದ ಕಂಪನ ನಿಲ್ಲುವ ಮೊದಲೇ ಪ್ರತಿಧ್ವನಿ ಬಂದುಬಿಡುತ್ತದೆ, ಅದು ಗೊತ್ತಾಗದೆ ಎರಡು ಮೂರು ಸಲ ಪುಟಿದ ಶಬ್ದವನ್ನು ಹಿಡಿಯುತ್ತದೆ. ಕೋಡು ತಿದ್ದಿ ಇದನ್ನು ಸರಿಮಾಡಲು ಆಗುವುದಿಲ್ಲ. ಒಂದು ಹಲಗೆಯ ಮೇಲೆ ಸೆನ್ಸರನ್ನು ಡ್ರಮ್ಮಿನ ಬಾಯಿಗಿಂತ ಮೂವತ್ತು ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿದರು, ಹಾರಾಟ ನಿಂತಿತು. ಅಲೆಗೆ ಅಂಕಿ ತುಯ್ದಾಡದಿರಲೆಂದು ಐದು ಸಲ ಅಳೆದು ನಡುವಿನದನ್ನು ಮಾತ್ರ ಹಿಡಿದರು.

ಮರುದಿನ ತೀರ್ಪುಗಾರರು ಕೇಳಿದರು: “ಸೆಕೆಗಾಲದಲ್ಲಿ ಶಬ್ದದ ವೇಗ ಬದಲಾಗುತ್ತದಲ್ಲ, ನಿಮ್ಮ ಸೂತ್ರದಲ್ಲಿ ಅದು ಎಲ್ಲಿದೆ?” ಹುಡುಗಿ ಹೆದರಲಿಲ್ಲ. ಇಪ್ಪತ್ತು ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, ಮೂವತ್ತರಲ್ಲಿ ಸುಮಾರು 349. ಎರಡು ಮೀಟರ್ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪು, ಎಂದರೆ 420 ಲೀಟರ್. “ಅದಕ್ಕೇ ಸರ್, ದೀಪವನ್ನು 67ಕ್ಕೆ ಇಡದೆ 75ಕ್ಕೆ ಇಟ್ಟಿದ್ದೇವೆ,” ಎಂದಳು. ಅವರು ಮತ್ತೆ ಕೇಳಲಿಲ್ಲ.

ತಂಡಕ್ಕೆ ಮೊದಲ ಸ್ಥಾನ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಅವರ ದೊಡ್ಡ ಸೋಲು ಬೆಳಗಿನ ಜಾವ ಐದಕ್ಕೆ ಆಯಿತು. ನಡೆಯುತ್ತಿದ್ದ ಕೋಡಿಗೆ ಯಾರೋ ಒಬ್ಬ ಬಣ್ಣದ ಗ್ರಾಫ್ ಸೇರಿಸಲು ಹೋದ, ದೀಪವೇ ಆರಿಹೋಯಿತು. ಹಳೆಯ ಪ್ರತಿ ಗಿಟ್‌ನಲ್ಲಿ ಇಟ್ಟಿರಲಿಲ್ಲ. ನೆನಪಿನಿಂದ ಮತ್ತೆ ಬರೆಯುವಷ್ಟರಲ್ಲಿ, ಮಾತಾಡುವುದನ್ನು ಅಭ್ಯಾಸ ಮಾಡಬೇಕಿದ್ದ ಹೊತ್ತು ಕಳೆದಿತ್ತು. ಆದ್ದರಿಂದ ನನ್ನ ಕಟ್ಟುಪಾಡು ಇಷ್ಟೇ. ಏನಾದರೊಂದು ಓಡಿದ ಕೂಡಲೇ ಅದನ್ನು ಗಿಟ್‌ಗೆ ಸೇರಿಸಿ. ಕೊನೆಯ ಮೂರು ಗಂಟೆ ಹೊಸದೇನನ್ನೂ ಮುಟ್ಟಬೇಡಿ. ಇಬ್ಬರಾದರೂ ರಾತ್ರಿ ಎರಡರಿಂದ ಐದರವರೆಗೆ ಮಲಗಲೇಬೇಕು. ಬೆಳಿಗ್ಗೆ ಮಾತಾಡುವವರು ಅವರೇ.

ಸರಿ, ಇದರಿಂದ ನಮಗೇನು ಸಿಕ್ಕಿತು ಅಂಕಲ್, ಎನ್ನುತ್ತೀರಿ. ನೇರವಾಗಿ ಹೇಳುತ್ತೇನೆ. 2024ರ ರಾಷ್ಟ್ರೀಯ ಸುತ್ತಿನಲ್ಲಿ ಒಂದೊಂದು ಸಮಸ್ಯೆಯ ವಿಜೇತ ತಂಡಕ್ಕೆ 1 ಲಕ್ಷ ರೂಪಾಯಿ ಇತ್ತು. ಆರು ಜನ ಹಂಚಿಕೊಂಡರೆ ತಲೆಗೆ ಹದಿನಾರು ಸಾವಿರ ಚಿಲ್ಲರೆ. ಆ ದುಡ್ಡಿಗಾಗಿಯೇ ಹೋಗುವುದಾದರೆ ಬೇಡ, ಸಿಗದವರೇ ಹೆಚ್ಚು. ಬರೀ ಭಾಗವಹಿಸಿದ ಸರ್ಟಿಫಿಕೇಟಿಗೂ ಹೆಚ್ಚಿನ ಬೆಲೆಯಿಲ್ಲ, ಎಲ್ಲರ ಕೈಯಲ್ಲೂ ಅದಿರುತ್ತದೆ.

ಸಿಗುವುದು ಬೇರೆ. ಕ್ಯಾಂಪಸ್ ಇಂಟರ್ವ್ಯೂನಲ್ಲಿ “ಒಂದು ಕಷ್ಟ ಬಂದದ್ದು ಹೇಳಿ, ಹೇಗೆ ಬಿಡಿಸಿದಿರಿ” ಎಂದು ಕೇಳುತ್ತಾರೆ. ಪುಸ್ತಕ ಓದಿದವರು ಅಲ್ಲಿ ತಡವರಿಸುತ್ತಾರೆ. ಆ ಹುಡುಗಿ ಮಾತ್ರ ಕಾಗದ ಕೇಳಿ ಡ್ರಮ್ಮಿನ ಚಿತ್ರ ಬರೆದು, ತುಂಬಿದ್ದನ್ನು ಯಂತ್ರ ಖಾಲಿ ಎಂದದ್ದು ಏಕೆಂದು ಹದಿನೈದು ನಿಮಿಷ ವಿವರಿಸಿದಳಂತೆ. ಇನ್ನೊಂದು, ನಿಮ್ಮ ಹೆಸರಿನಲ್ಲಿ ಉಳಿಯುವ ಕೋಡು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಮೂರನೆಯದು, ಒತ್ತಡದಲ್ಲಿ ಯಾರು ಹೇಗೆ ಎಂಬ ಅರಿವು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಕಾಲೇಜಿನಿಂದ ಆಯ್ಕೆಯಾದ ಮೇಲೆ ನಿಮ್ಮ ವಿಚಾರ ದೆಹಲಿಯವರಿಗೂ ಒಪ್ಪಿಗೆಯಾದರೆ ಬೇರೆ ಊರಿನ ಕೇಂದ್ರದಲ್ಲಿ ಕೊನೆಯ ಸುತ್ತು. ಸಾಫ್ಟ್‌ವೇರ್ ಆದರೆ ಸತತ 36 ಗಂಟೆ, ಹಾರ್ಡ್‌ವೇರ್ ಆದರೆ ಐದು ದಿನ. 2024ರಲ್ಲಿ ಅದು ಡಿಸೆಂಬರ್ 11ಕ್ಕೆ ಶುರುವಾಗಿತ್ತು. ಸಮಸ್ಯೆ ಕೊಟ್ಟ ಇಲಾಖೆಯವರ ಎದುರೇ ನಿಂತು ಮಾತಾಡುವ ಅವಕಾಶ ಇಪ್ಪತ್ತರ ವಯಸ್ಸಿನಲ್ಲಿ ಬೇರೆ ಎಲ್ಲಿ ಸಿಕ್ಕೀತು?

ಅಮ್ಮ-ಅಪ್ಪಂದಿರಿಗೂ ಒಂದು ಮಾತು. ‘ಹ್ಯಾಕ್’ ಎಂದ ಕೂಡಲೇ ಕಳ್ಳತನ ಎಂದುಕೊಳ್ಳಬೇಡಿ. 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹತ್ತು ಜನ ಓಪನ್‌ಬಿಎಸ್‌ಡಿ ಕೆಲಸಗಾರರು ಒಂದೆಡೆ ಕೂತು ಕೋಡು ಬರೆದ ಕೂಟಕ್ಕೆ ‘ಹ್ಯಾಕಥಾನ್’ ಎಂಬ ಹೆಸರು ಬಂತು. ಮಗಳು ರಾತ್ರಿ ಕಾಲೇಜಿನಲ್ಲಿ ಉಳಿಯಬೇಕು ಎಂದಾಗ ಬೇಡ ಎನ್ನುವ ಮುಂಚೆ ಮೂರು ಪ್ರಶ್ನೆ ಕೇಳಿ: ರಾತ್ರಿಯಿಡೀ ಇರುವ ಅಧ್ಯಾಪಕಿ ಯಾರು, ಹುಡುಗಿಯರಿಗೆ ಮಲಗಲು ಬೇರೆ ಕೋಣೆ ಇದೆಯೇ, ಕಾಲೇಜಿನ ಪತ್ರ ಎಲ್ಲಿ? ಉತ್ತರ ಸರಿಯಿದ್ದರೆ ಡಬ್ಬಿಯಲ್ಲಿ ಆರು ಜನಕ್ಕಾಗುವಷ್ಟು ಚಿತ್ರಾನ್ನ ಕಟ್ಟಿ ಕಳಿಸಿ. ಕೊನೆಯ ಲೋಕಲ್ ಹಿಡಿಯಲು ಅರ್ಧದಲ್ಲಿ ಎದ್ದು ಓಡುವುದಕ್ಕಿಂತ, ಅಲ್ಲೇ ಉಳಿದು ಬೆಳಗಿನ ಗಾಡಿಗೆ ಬರುವುದೇ ಕ್ಷೇಮ.

ನಾಳೆ ಮಾಡಬೇಕಾದದ್ದು ಮೂರೇ ಕೆಲಸ, ಮಕ್ಕಳೇ. ಸ್ಟಾಫ್‌ರೂಮಿಗೆ ಹೋಗಿ ಸ್ಪಾಕ್ ಯಾರೆಂದು ಕೇಳಿ ಕೊನೆಯ ತಾರೀಖು ಬರೆದುಕೊಳ್ಳಿ. ಆರು ಹೆಸರು ಒಂದು ಹಾಳೆಯಲ್ಲಿ ಬರೆಯಿರಿ, ಗ್ರೂಪಿನಲ್ಲಲ್ಲ. ಸಂಜೆ ಮನೆಗೆ ಬರುವಾಗ ಗೇಟಿನ ಹತ್ತಿರ ನಿಂತು ವಾಚ್‌ಮನ್‌ನನ್ನು ಕೇಳಿ: “ಭೈಯಾ, ದಿನದಲ್ಲಿ ನಿಮಗೆ ತೀರಾ ಬೇಸರ ತರಿಸುವ ಕೆಲಸ ಯಾವುದು?” ಅವನು ಹೇಳಿದ್ದನ್ನು ಹಾಗೆಯೇ ಆ ಹಾಳೆಯ ಕೆಳಗೆ ಬರೆದುಕೊಳ್ಳಿ.