ಕೊಯ್ಲಿನ ದಿನ ಹೇಳುವ ಬುಡದ ಕಾಳು

ಭತ್ತದ ಗದ್ದೆ ಹಣ್ಣಾಗಿದೆಯೇ ಎಂದು ನೋಡಲು ಅಜ್ಜಿ ಮೊಮ್ಮಗುವಿಗೆ ಹೇಳಿಕೊಡುವ ಮೊದಲ ಮಾತು, ಬದುವಿನ ಮೇಲೆ ನಿಂತು ಬಣ್ಣ ನೋಡಿ ತೀರ್ಮಾನ ಮಾಡಬೇಡ ಎಂಬುದು. ಗಂಗಾವತಿ ಸೀಮೆಯ ಬೆಳೆಯನ್ನು ನೋಡುತ್ತ ಬಂದ ನನಗೆ ಈ ಪಾಠದ ತರ್ಕ ಗಟ್ಟಿಯಾಗಿಯೇ ಕಂಡಿದೆ. ಭತ್ತದ ತೆನೆ ತುದಿಯಿಂದ ಬುಡದ ಕಡೆಗೆ ಹೂವಾಡುತ್ತದೆ. ಇಡೀ ತೆನೆ ಹೂವಾಡಿ ಮುಗಿಯಲು ಸುಮಾರು ಒಂದು ವಾರ ಬೇಕು. ಕಾಳು ಬಲಿಯುವುದೂ ಅದೇ ಸಾಲಿನಲ್ಲಿ. ಹೀಗಾಗಿ ದೂರದಿಂದ ಮಿನುಗುವ ತುದಿ ಹೊಂಬಣ್ಣಕ್ಕೆ ತಿರುಗಿದಾಗಲೂ ಬುಡದ ಕಾಳಿನಲ್ಲಿ ಹಾಲೇ ಇರಬಹುದು. ಅದಕ್ಕೇ ಅಜ್ಜಿ ಗದ್ದೆಯೊಳಗೆ ಇಳಿಸಿ, ಬುಡದ ಕಾಳನ್ನು ಉಗುರಿನಿಂದ ಒತ್ತಿಸುತ್ತಾಳೆ. ಹಾಲು ಚಿಮ್ಮಿದರೆ ಕಾಯಬೇಕು. ಹಿಟ್ಟಿನಂತೆ ಮೆತ್ತಗಿದ್ದರೂ ಕಾಯಬೇಕು. ಉಗುರಿಗೆ ಮಣಿಯದೆ, ಹಲ್ಲಿಗೆ ಕಟ್ಟೆಂದರೆ ಕೊಯ್ಲು ಹತ್ತಿರ. ತೆನೆಯಲ್ಲಿ ಶೇ. 80ರಿಂದ 85ರಷ್ಟು ಕಾಳು ಹುಲ್ಲಿನ ಬಣ್ಣಕ್ಕೆ ಬಂದಾಗ ಕೊಯ್ಯಿರಿ ಎಂಬ ಕೃಷಿ ತಜ್ಞರ ಸಲಹೆ ಹೇಳುವುದೂ ಇದನ್ನೇ.

ಹೂವಾಡಿದ ಮೇಲೆ ಒಂದು ತಿಂಗಳು ಎಣಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅಂದಾಜಿಗೆ ಸಾಕು, ತೀರ್ಮಾನಕ್ಕೆ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೇಸಿಗೆ ಬೆಳೆ ತೆಗೆದಾಗ ಬಿಸಿಲಿಗೆ ಕಾಳು ಬೇಗ ಬಲಿಯುತ್ತದೆ. ಮುಂಗಾರಿನ ಬೆಳೆ ತಂಪು ದಿನಗಳಲ್ಲಿ ನಿಧಾನಿಸುತ್ತದೆ. ಯೂರಿಯಾ ಹೆಚ್ಚಾದ ಗದ್ದೆಯಲ್ಲಿ ಕಾಳು ಬಲಿತರೂ ಎಲೆ ಹಸಿರಾಗಿಯೇ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಕಂದು ಜಿಗಿಹುಳು ರಸ ಹೀರಿದ ಕಡೆ ಪೈರು ಮಾಗಿದಂತೆ ಒಣಗಿ ನಿಲ್ಲುತ್ತದೆ. ತೆನೆ ಹಿಡಿದರೆ ತೂಕವಿಲ್ಲ, ಒತ್ತಿದರೆ ಜೊಳ್ಳು. ಬಣ್ಣವೂ ದಿನದ ಎಣಿಕೆಯೂ ಮೋಸ ಮಾಡುವ ಇಂಥ ಕಡೆ ಕೈಯೇ ಸಾಕ್ಷಿ.

ಈಗ ಕೊಯ್ಯುವುದು ಯಂತ್ರ, ತೇವಾಂಶ ಹೇಳುವುದು ಮೀಟರು. ಅಜ್ಜಿಯ ಪಾಠ ಯಾಕೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತೇವಾಂಶ ಶೇ. 20ರಿಂದ 24ರ ನಡುವೆ ಇದ್ದಾಗ ಕೊಯ್ಯುವುದು ಒಳ್ಳೆಯದು. ಅದನ್ನು ಬೆರಳು ಅಂಕಿಯಲ್ಲಿ ಹೇಳಲಾರದು. ಆದರೆ ಮೀಟರಿಗೆ ಕಾಳು ಸಿಗುವುದು ತೆನೆ ಕಿತ್ತ ಮೇಲೆ, ಮತ್ತು ಅದು ಕೊಡುವುದು ಸರಾಸರಿ. ಎಳೆಯ ಕಾಳೂ ಒಣಗಿದ ಕಾಳೂ ಬೆರೆತ ರಾಶಿ ಮೀಟರಿನಲ್ಲಿ ಸರಿಯಾಗಿಯೇ ಕಾಣಬಹುದು. ಗದ್ದೆಯ ನೀರು ಬಸಿಯುವ ತೀರ್ಮಾನವಂತೂ ಕೊಯ್ಲಿಗೆ ಸುಮಾರು 10 ದಿನ ಮೊದಲೇ ಆಗಬೇಕು. ಇಲ್ಲವಾದರೆ ಯಂತ್ರ ಕೆಸರಿನಲ್ಲಿ ಹೂತುಹೋಗುತ್ತದೆ. ಅವಸರದಲ್ಲಿ ಕೊಯ್ದರೆ ಹಸಿರು ಕಾಳು, ಸುಣ್ಣದಂಥ ಅಕ್ಕಿ. ತಡವಾದರೆ ಕಾಳು ಉದುರುತ್ತದೆ. ಹಗಲ ಬಿಸಿಲು, ರಾತ್ರಿಯ ಇಬ್ಬನಿಗೆ ಒಳಗೇ ಬಿರುಕು ಬಿಟ್ಟು, ಸೋನಾ ಮಸೂರಿಯಂಥ ಸಣ್ಣಕ್ಕಿ ಗಿರಣಿಯಲ್ಲಿ ನುಚ್ಚಾಗುತ್ತದೆ.

ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಜೋಳ ಬಲಿತದ್ದನ್ನು ತಿಳಿಯುವುದೂ ಹೀಗೇ, ಕಾಳಿನ ಬುಡದಲ್ಲಿ ಮೂಡುವ ಕಪ್ಪು ಚುಕ್ಕೆಯಿಂದ. ಯಂತ್ರಕ್ಕೆ ಹೇಳಿಕಳಿಸುವ ಮುನ್ನ ಗದ್ದೆಯ ನಡುವಿನ ನಾಲ್ಕಾರು ಕಡೆ ತೆನೆಯ ಬುಡದ ಕಾಳನ್ನು ಒತ್ತಿ ನೋಡಿ; ಮಕ್ಕಳಿಂದಲೂ ಒತ್ತಿಸಿ.