ಆಡಿಟರ್ ಕೇಳಿದ ದಾಖಲೆ ಕಳಿಸುವಾಗ



2025ರ ಜೂನ್‌ನಲ್ಲಿ ನಮ್ಮ ಒಂದು ಸಂಘಕ್ಕೆ ಆಡಿಟರ್ ಇ-ಮೇಲ್ ಮಾಡಿ ಐದು ದಾಖಲೆ ಕೇಳಿದರು. ಹುಡುಕಿದಾಗ ಟೆಂಪೊ ಬಾಡಿಗೆಯ ಬಿಲ್ಲೊಂದು ಕಾಣೆ. "ಹೊಸ ಬಿಲ್ ಬರೆಸಿ ಹಳೇ ತಾರೀಕು ಹಾಕಿದ್ರೆ ಆಯ್ತಲ್ಲ ಸಿಸ್ಟರ್?" ಅಂತ ಒಬ್ಬರು ಕೇಳಿದರು. ಬೇಡ ಅಂದೆ. ಹಣ ಖರ್ಚಾದದ್ದು ನಿಜವಾದರೂ ಆ ಬಿಲ್ ಸುಳ್ಳಾಗುತ್ತದೆ. ಅದು ಗೊತ್ತಾದರೆ ಉಳಿದ ವೋಚರುಗಳ ಮೇಲೂ ಅನುಮಾನ ಬರುತ್ತದೆ. ಕೊನೆಗೆ ಹೀಗೆ ಬರೆದೆವು:

ವಿಷಯ: 2024–25ರ ಲೆಕ್ಕಪರಿಶೋಧನೆ – ಕೇಳಿದ ದಾಖಲೆಗಳು

ಮಾನ್ಯರೇ,
ತಾವು ಜೂನ್ 9ರಂದು ಕೇಳಿದ ಐದು ದಾಖಲೆಗಳಲ್ಲಿ ನಾಲ್ಕನ್ನು ಲಗತ್ತಿಸಿದ್ದೇವೆ.

ಲಗತ್ತುಗಳ ಪಟ್ಟಿ
1. ನಗದು ಪುಸ್ತಕ, ಏಪ್ರಿಲ್ 2024ರಿಂದ ಮಾರ್ಚ್ 2025 – 24 ಪುಟ
2. ಬ್ಯಾಂಕ್ ಪಾಸ್‌ಬುಕ್, 4-4-2025ರವರೆಗೆ – 8 ಪುಟ
3. ವೋಚರ್ 1ರಿಂದ 46 (31 ಇಲ್ಲ) – 45 ಪುಟ
4. ಸಾಲ ಮಂಜೂರಾದ ಸಭೆಗಳ ನಡಾವಳಿ – 6 ಪುಟ

ವಿವರಣೆ: ಮಾರ್ಚ್ 31ಕ್ಕೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು ರೂ. 42,300, ಪಾಸ್‌ಬುಕ್‌ನಲ್ಲಿ ರೂ. 47,300. ಮಾರ್ಚ್ 29ರಂದು ಕೊಟ್ಟ ರೂ. 5,000ದ ಚೆಕ್ ಏಪ್ರಿಲ್ 4ರಂದು ನಗದಾಗಿದೆ.

ಬಾಕಿ ಇರುವವು
ಅ. ವೋಚರ್ 31, ಟೆಂಪೊ ಬಾಡಿಗೆ ರೂ. 1,850 (14-11-2024). ಬಿಲ್ ಕಳೆದಿದೆ. ನಗದು ಪುಸ್ತಕ ಪುಟ 15ರಲ್ಲಿ ದಾಖಲಾಗಿದೆ. ಟೆಂಪೊದವರಿಂದ ನಕಲು ಕೇಳಿದ್ದೇವೆ. ಜವಾಬ್ದಾರಿ: ಖಜಾಂಚಿ. ಜೂನ್ 20ರೊಳಗೆ.
ಆ. ಸದಸ್ಯರ ಸಾಲಬಾಕಿ ದೃಢೀಕರಣ. 15 ಸಹಿಗಳಲ್ಲಿ 13 ಆಗಿದೆ, ಇಬ್ಬರು ಊರಲ್ಲಿಲ್ಲ. ಜವಾಬ್ದಾರಿ: ಕಾರ್ಯದರ್ಶಿ. ಜೂನ್ 22ರೊಳಗೆ.

ಇಲ್ಲಿ ಮೂರು ವಿಷಯ ಗಮನಿಸಿ. ಮೊದಲನೆಯದಾಗಿ, ಪಟ್ಟಿಯ ನಂಬರನ್ನೇ ಫೈಲಿನ ಹೆಸರಿನ ಮುಂದೆ ಹಾಕಬೇಕು, ಪುಟ ಎಣಿಸಿ ಬರೆಯಬೇಕು. ಆಗ ಒಂದು ಪುಟ ಸ್ಕ್ಯಾನ್ ಆಗದೆ ಉಳಿದರೂ ತಕ್ಷಣ ತಿಳಿಯುತ್ತದೆ. ಕಳಿಸುವ ಮುನ್ನ ಒಂದೊಂದನ್ನೂ ತೆರೆದು, ಅಂಕಿ ಓದಲು ಬರುತ್ತದೆಯೇ ನೋಡಿ. ಜಿಮೇಲ್‌ನಲ್ಲಿ ಲಗತ್ತುಗಳು ಒಟ್ಟು 25 ಎಂಬಿ ಮೀರಿದರೆ ಎರಡು ಇ-ಮೇಲ್ ಮಾಡಿ, "1/2", "2/2" ಎಂದು ಬರೆಯಿರಿ.

ಎರಡನೆಯದಾಗಿ, ಪಾಸ್‌ಬುಕ್ ಮಾರ್ಚ್ 31ಕ್ಕೇ ನಿಲ್ಲಿಸಿದ್ದರೆ ಆ 5,000ದ ವ್ಯತ್ಯಾಸಕ್ಕೆ ಸಾಕ್ಷಿ ಇರುತ್ತಿರಲಿಲ್ಲ. ಅದಕ್ಕೇ ಏಪ್ರಿಲ್‌ನ ಪುಟವೂ ಹೋಯಿತು.

ಮೂರನೆಯದಾಗಿ, ಬಾಕಿ ವಿಷಯಕ್ಕೆ ಏನು, ಏಕೆ, ಯಾರು, ಯಾವಾಗ ಎಂಬ ನಾಲ್ಕೂ ಇರಬೇಕು. "ಆಮೇಲೆ ಕಳಿಸ್ತೇವೆ" ಎಂದರೆ ಸಾಲದು. ಟೆಂಪೊದವರು ಕೊಡುವ ಕಾಗದದ ಮೇಲೆ "ನಕಲು" ಎಂದೂ, ಅದನ್ನು ಕೊಟ್ಟ ದಿನದ ತಾರೀಕೂ ಇರಲಿ. ಅದನ್ನು ಒಪ್ಪುವುದು ಬಿಡುವುದು ಆಡಿಟರಿಗೆ ಸೇರಿದ್ದು. ಅವರು ಒಪ್ಪದೆ ವರದಿಯಲ್ಲಿ ಬರೆದರೂ, ಒಂದು ಬಿಲ್ ಕಳೆದುಹೋಯಿತೆಂದಷ್ಟೇ ಬರೆದಾರು.

ಬಾಕಿ ಸಿಕ್ಕಿದಾಗ ಹೊಸ ಇ-ಮೇಲ್ ಬೇಡ. ಅದೇ ಇ-ಮೇಲ್‌ಗೆ ಉತ್ತರವಾಗಿ "ಅ – ಲಗತ್ತಿಸಿದೆ, ಆ – ಇನ್ನೂ ಬಾಕಿ" ಎಂದು ಬರೆಯಿರಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ವೋಚರುಗಳನ್ನು ನಂಬರ್ ಪ್ರಕಾರ ಜೋಡಿಸಿದರೆ ಯಾವುದು ಇಲ್ಲ? ಅದನ್ನು ಯಾರು, ಯಾವಾಗ ತರುತ್ತಾರೆ?