ಮುಟ್ಟು ತಡವಾದಾಗ ಒಳಗೆ ನಡೆಯುವುದೇನು?

ಮುಟ್ಟು 28 ದಿನಗಳಿಗೊಮ್ಮೆ ಆಗಲೇಬೇಕೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಹತ್ತು ದಿನ ತಡವಾಯಿತೆಂದರೆ, ರಕ್ತ ಒಳಗೇ ಕಟ್ಟಿಕೊಂಡಿದೆಯೆಂದು ಹೆದರಿ ಎಳ್ಳು ಬೆಲ್ಲ, ಕಷಾಯ ಕೊಡುವುದುಂಟು. ಸಾಮಾನ್ಯವಾಗಿ ಅಲ್ಲಿ ರಕ್ತ ಕಟ್ಟಿಕೊಂಡಿರುವುದಿಲ್ಲ. ತಡವಾಗಿರುವುದು, ಮುಟ್ಟಿಗೆ ಎರಡು ವಾರ ಮೊದಲು ಆಗಬೇಕಾದ ಅಂಡದ ಬಿಡುಗಡೆ.

ಈ ಲೆಕ್ಕ ಆರಂಭವಾಗುವುದು ಮಿದುಳಿನಲ್ಲಿ. ಅದರ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಭಾಗವು ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಚಿಮ್ಮಿಸುತ್ತದೆ. ಅದು ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಮುಟ್ಟಿದಾಗ, ಆ ಗ್ರಂಥಿ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇಲ್ಲಿ ಪ್ರಮಾಣದಷ್ಟೇ ತಾಳವೂ ಮುಖ್ಯ. ನೋಬಿಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1978ರಲ್ಲಿ ಕೋತಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಮಿದುಳಿನ ಹಾರ್ಮೋನನ್ನು ಎಡೆಬಿಡದೆ ಹರಿಸಿದಾಗ ಪಿಟ್ಯುಟರಿ ಸುಮ್ಮನಾಯಿತು. ಗಂಟೆಗೊಮ್ಮೆ ಕೊಟ್ಟಾಗ ಮತ್ತೆ ಕೆಲಸಕ್ಕೆ ತೊಡಗಿತು.

ಎಫ್.ಎಸ್.ಎಚ್.ನಿಂದ ಅಂಡಾಶಯದಲ್ಲಿ ಕೆಲವು ಪುಟ್ಟ ಚೀಲಗಳು ಬೆಳೆಯುತ್ತವೆ. ಒಂದೊಂದರೊಳಗೂ ಒಂದು ಅಂಡವಿರುತ್ತದೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದೇ ಮುಂದಾಗಿ, ಉಳಿದವು ಬಾಡುತ್ತವೆ. ಬೆಳೆಯುವ ಚೀಲ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಮೊದಮೊದಲು ಈಸ್ಟ್ರೋಜನ್ ಪಿಟ್ಯುಟರಿಯನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಅದು ಬಹಳ ಏರಿ, ಸುಮಾರು ಎರಡು ದಿನ ಹಾಗೆಯೇ ನಿಂತರೆ ಪರಿಣಾಮ ತಿರುಗುಮುರುಗಾಗುತ್ತದೆ. ಪಿಟ್ಯುಟರಿಯಿಂದ ಎಲ್.ಎಚ್. ಪ್ರವಾಹದಂತೆ ಹೊರಡುತ್ತದೆ. ಆ ಏರಿಕೆ ಮೊದಲಾದ ಸುಮಾರು 36 ಗಂಟೆಗಳಲ್ಲಿ ಚೀಲ ಒಡೆದು ಅಂಡ ಹೊರಬೀಳುತ್ತದೆ.

ಒಡೆದ ಚೀಲ ವ್ಯರ್ಥವಾಗುವುದಿಲ್ಲ. ಅದು ಹಳದಿ ಪಿಂಡವಾಗಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಕೊಟ್ಟು ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಈ ಪಿಂಡದ ಆಯುಸ್ಸು ಸುಮಾರು ಎರಡೇ ವಾರ. ಅದು ಬಾಡಿದೊಡನೆ ಆಧಾರ ತಪ್ಪಿದ ಪದರ ಕಳಚಿ ಮುಟ್ಟಾಗುತ್ತದೆ. ಹೀಗೆ ಅಂಡ ಬಿಟ್ಟ ಮೇಲಿನ ಅವಧಿ ಒಂದೆರಡು ದಿನ ಹೆಚ್ಚುಕಡಿಮೆಯಾದರೂ ಬಹುಮಟ್ಟಿಗೆ ಸ್ಥಿರ. ಹಿಗ್ಗುವುದು ಕುಗ್ಗುವುದು ಅದಕ್ಕೆ ಮುಂಚಿನ ಅವಧಿ.

ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. 28 ದಿನಗಳ ರೂಢಿಯಿರುವ ಒಬ್ಬ ಗೃಹಿಣಿಗೆ ಮಾರ್ಚ್ 1ರಂದು ಮುಟ್ಟಾಯಿತು. ಮುಂದಿನದು ಮಾರ್ಚ್ 29ಕ್ಕೆ ಬರಬೇಕಿತ್ತು. ಬಂದದ್ದು ಏಪ್ರಿಲ್ 8ಕ್ಕೆ. ಎರಡರಿಂದಲೂ 14 ದಿನ ಹಿಂದಕ್ಕೆ ಎಣಿಸಿರಿ. ಮಾರ್ಚ್ 15ರ ಸುಮಾರಿಗೆ ಬಿಡಬೇಕಾಗಿದ್ದ ಅಂಡ ಮಾರ್ಚ್ 25ರ ಸುಮಾರಿಗೆ ಬಿಟ್ಟಿದೆ. ನಡುವೆ ಆದದ್ದೇನು? ಮಾರ್ಚ್ 6ರಿಂದ ಒಂದು ವಾರ ಆಕೆ ಜ್ವರದಿಂದ ಮಲಗಿದ್ದಳು, ಊಟ ಸೇರುತ್ತಿರಲಿಲ್ಲ. ಇಂಥ ಸಮಯದಲ್ಲಿ ಹೈಪೊಥಾಲಮಸಿನ ತಾಳ ನಿಧಾನವಾಗುತ್ತದೆ. ಚೀಲದ ಬೆಳವಣಿಗೆ ಕುಂಠಿತವಾಗಿ ಈಸ್ಟ್ರೋಜನ್ ಬೇಕಾದ ಮಟ್ಟಕ್ಕೆ ಏರಲಿಲ್ಲ; ಎಲ್.ಎಚ್. ಪ್ರವಾಹವೂ ಹೊರಡಲಿಲ್ಲ. ಮೈ ಚೇತರಿಸಿಕೊಂಡ ಮೇಲೆ ಕೆಲಸ ಮುಂದುವರಿಯಿತು. ತೀವ್ರ ಚಿಂತೆ, ಅರೆಹೊಟ್ಟೆ, ಮೈತೂಕ ಇಳಿಯುವುದು, ಇವುಗಳಿಂದಲೂ ಹೀಗೆಯೇ ಆಗಬಹುದು. ಆದರೆ ಈ ಲೆಕ್ಕ ಮುಟ್ಟು ಬಂದ ಮೇಲೆ ಮಾಡತಕ್ಕದ್ದು. ಮುಂಚಿತವಾಗಿ 'ಸುರಕ್ಷಿತ ದಿನ'ಗಳನ್ನು ಗೊತ್ತುಮಾಡಲು ಇದನ್ನು ನಂಬಬಾರದು.

ಕೆಲವು ವೇಳೆ ಅಂಡ ತಡವಾಗುವುದಷ್ಟೇ ಅಲ್ಲ, ಬಿಡುವುದೇ ಇಲ್ಲ. ಮೈನೆರೆದ ಮೊದಲ ಒಂದೆರಡು ವರ್ಷ, ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದಾಗ, ಪಿ.ಸಿ.ಓ.ಎಸ್. ಎಂಬ ತೊಂದರೆಯಲ್ಲಿ ಹೀಗಾಗುವುದು ಹೆಚ್ಚು. ಆಗ ಹಳದಿ ಪಿಂಡವಿಲ್ಲ, ಆದ್ದರಿಂದ ಪ್ರೊಜೆಸ್ಟರಾನೂ ಇಲ್ಲ. ಈಸ್ಟ್ರೋಜನ್ ಮಾತ್ರ ಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಅದು ಒಮ್ಮೆಲೇ ಕಳಚದೆ ಅಲ್ಲಲ್ಲಿ ಮುರಿದು ಬೀಳುತ್ತದೆ. ಎರಡು ತಿಂಗಳು ಮುಟ್ಟಿಲ್ಲದೆ, ಆಮೇಲೆ ಹತ್ತು ಹದಿನೈದು ದಿನ ಸ್ರಾವ ಹೋಗುವುದಕ್ಕೆ ಇದೇ ಕಾರಣವಿರಬಹುದು. ಇಂಥ ಪದರ ವರ್ಷಾನುಗಟ್ಟಲೆ ದಪ್ಪವಾಗುತ್ತಿದ್ದರೆ ಗರ್ಭಕೋಶದ ಕ್ಯಾನ್ಸರಿಗೂ ದಾರಿಯಾಗಬಹುದು.

ವಯಸ್ಕ ಸ್ತ್ರೀಯರಲ್ಲಿ 24ರಿಂದ 38 ದಿನಗಳ ಅಂತರ ಸಹಜ. ಮುಟ್ಟು ತಪ್ಪಿದರೆ ಮೊದಲು ಗರ್ಭವಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಎಂಟು ದಿನ ಮೀರಿ ಸ್ರಾವವಿದ್ದರೆ, ಅಂತರ ಪದೇಪದೇ ಈ ಮಿತಿ ದಾಟಿದರೆ, ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಏರುಪೇರಾಗುವುದುಂಟು. ಅದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ವೈದ್ಯರು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ.